ಸುಸ್ತಿ ಸಾಲಕ್ಕೆ ನಲವತ್ತು ನಿಮಿಷ

ಪತ್ತಿನ ಸಹಕಾರ ಸಂಘವೊಂದರ ಆಡಳಿತ ಮಂಡಳಿ ತಿಂಗಳಿಗೊಮ್ಮೆ ಬೆಳಿಗ್ಗೆ 11ಕ್ಕೆ ಸೇರಿ ಎರಡು ಗಂಟೆ ಕೂರುತ್ತದೆ ಎನ್ನಿ. ಹಿಂದಿನ ಸಭೆಯ ನಡಾವಳಿಗೇ ಅರ್ಧ ಗಂಟೆ ಹೋದರೆ, ಸುಸ್ತಿ ಸಾಲದ ವಿಷಯ ಬರುವಷ್ಟರಲ್ಲಿ ನಿರ್ದೇಶಕರು ಏಳುವ ಆತುರದಲ್ಲಿರುತ್ತಾರೆ. ಹಾಗಾಗಿ ಕಾರ್ಯಸೂಚಿಯಲ್ಲಿ ನಡಾವಳಿಗೆ 5 ನಿಮಿಷ, ಜಮಾ-ಖರ್ಚಿಗೆ 15 ನಿಮಿಷ ಕೊಟ್ಟು, ಸುಸ್ತಿ ಸಾಲವನ್ನು ಮೂರನೆಯದಾಗಿ ಹೀಗೆ ಬರೆಯಬೇಕು:

‘ವಿಷಯ 3: ಸುಸ್ತಿ ಸಾಲ ವಸೂಲಿ, ತೀರ್ಮಾನಕ್ಕೆ, 11.20ರಿಂದ 12.00, ಅನುಬಂಧ 3ಎ, ಪುಟ 9–12.’

‘ತೀರ್ಮಾನಕ್ಕೆ’ ಎಂಬುದನ್ನು ಬಿಟ್ಟರೆ, ಮಾತು ಮುಗಿದರೂ ಠರಾವು ಆಗದೆ ಉಳಿಯುತ್ತದೆ. ಅನುಬಂಧದ ಸಂಖ್ಯೆ ವಿಷಯದ ಸಂಖ್ಯೆಯನ್ನೇ ಹಿಡಿದಿರಲಿ. ಆಗ ಕಡತದಲ್ಲಿ ಯಾರೂ ತಡಕಾಡುವುದಿಲ್ಲ. ಸುಸ್ತಿದಾರರ ಪಟ್ಟಿ ವಾರ ಮೊದಲೇ ನಿರ್ದೇಶಕರ ಕೈ ಸೇರಬೇಕು. ಸಭೆಯಲ್ಲೇ ಹಂಚಿದರೆ ಓದುವುದಕ್ಕೇ ಆ 40 ನಿಮಿಷ ಕಳೆದುಹೋಗುತ್ತದೆ. ಉಳಿದ ವಿಷಯಗಳಿಗೆ 45 ನಿಮಿಷ ಹಂಚಿ, ಕೊನೆಯ 15 ನಿಮಿಷವನ್ನು ಯಾವುದಕ್ಕೂ ಕೊಡದಿರುವುದು ಒಳ್ಳೆಯದು.