ಚಾದರ ನಡುವೆ, ಮಾತು ಸುತ್ತಲೂ
ಆನ್‌ಲೈನ್ ಗಿರಾಕಿಗೆ ಮುಟ್ಟಿ ನೋಡಲು ಬರುವುದಿಲ್ಲ, ಚಿತ್ರವೇ ಎಲ್ಲ ಹೇಳಬೇಕು

ಸೊಲ್ಲಾಪುರ: ಚಾದರದ ನೂಲು ಹರಿದಿರಲಿಲ್ಲ, ಬಣ್ಣವೂ ಬಿಟ್ಟಿರಲಿಲ್ಲ. ಆದರೂ ಪಾರ್ಸೆಲ್ ವಾಪಸ್ ಬಂತು. ಗಿರಾಕಿ ಕೊಟ್ಟ ಕಾರಣ ಒಂದೇ, ಚಿತ್ರದಲ್ಲಿ ಕಂಡಷ್ಟು ದೊಡ್ಡದಿಲ್ಲ.

ಇಲ್ಲಿನ ಅಕ್ಕಲಕೋಟ ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿ ಮಗ್ಗ ಇಟ್ಟುಕೊಂಡಿರುವ ಕನ್ನಡ ಕುಟುಂಬವೊಂದರ ಅನುಭವ ಇದು. ಹೀಗೆ ನಾಲ್ಕನೇ ಚಾದರ ವಾಪಸ್ ಬಂದಾಗ ಮನೆಯ ಯಜಮಾನರು ಅದೇ ಚಿತ್ರ ಹಿಡಿದು ಅಕ್ಕಲಕೋಟದ ಫೋಟೊ ಸ್ಟುಡಿಯೋ ಮೆಟ್ಟಿಲು ಹತ್ತಿದರು. ಮದುವೆ ಅಲ್ಬಮ್ ಮಾಡುತ್ತಿದ್ದ ಅಲ್ಲಿನ ಯುವಕ ಈಗ ಸರಕಿನ ಚಿತ್ರಗಳನ್ನೂ ಮಾಡಿಕೊಡುತ್ತಾನೆ.

‘ಕಾಕಾ, ಚಾದರ ಛಲೋ ಐತ್ರಿ, ಚಿತ್ರ ಸುಳ್ಳ ಹೇಳ್ಲಿಕತ್ತೈತಿ’ ಎಂದ ಆತ.

ತಪ್ಪು ಎಲ್ಲಿತ್ತು?

ಹಳೆಯ ಚಿತ್ರದಲ್ಲಿ ಚಾದರವನ್ನು ಮಡಿಚಿ ಇಡಲಾಗಿತ್ತು. ಸುತ್ತಲೂ ಹನ್ನೊಂದು ಲೇಬಲ್. ಅಳತೆ ತೋರಿಸುವ ಬಾಣವನ್ನು ಮಡಿಚಿದ ಚಾದರದ ಅಂಚಿಗೇ ಎಳೆದು 90 ಇಂಚು ಎಂದು ಬರೆದಿತ್ತು. ಮಡಿಕೆಯ ಅಂಚೇ 90 ಇಂಚು ಎಂದಾದರೆ ಬಿಚ್ಚಿದಾಗ ಎಷ್ಟಾದೀತು? ಇದು ಇಬ್ಬರ ಮಂಚಕ್ಕೂ ಸಾಕು ಎಂದು ಗಿರಾಕಿ ಲೆಕ್ಕ ಹಾಕಿದರೆ ಅವರ ತಪ್ಪೇನೂ ಇಲ್ಲ. ವಾಸ್ತವವಾಗಿ ಅದು 60 ಇಂಚು ಅಗಲ, 90 ಇಂಚು ಉದ್ದದ ಒಬ್ಬರ ಚಾದರ.

ಇನ್ನೊಂದು ತೊಡಕೂ ಇತ್ತು. ಇದೇ ಲೇಬಲ್ ಚಿತ್ರವನ್ನು ಮೊದಲನೆಯದಾಗಿ ಹಾಕಲು ಹೋಗಿದ್ದರು. ಅಮೆಜಾನ್‌ನಂಥ ಕಡೆ ಮೊದಲ ಚಿತ್ರಕ್ಕೆ ಕಟ್ಟುನಿಟ್ಟಿನ ನಿಯಮವಿದೆ. ಹಿನ್ನೆಲೆ ಅಚ್ಚ ಬಿಳಿ ಇರಬೇಕು, ಚೌಕಟ್ಟಿನ 85% ಜಾಗವನ್ನು ವಸ್ತುವೇ ತುಂಬಬೇಕು, ಮೇಲೆ ಒಂದಕ್ಷರವೂ ಇರಬಾರದು. ಲೇಬಲ್ ಹಾಕಿದ ಚಿತ್ರಕ್ಕೆ ಎರಡನೆಯ ಅಥವಾ ಮೂರನೆಯ ಜಾಗ.

ಮೊದಲು ಬೆಳಕು, ಆಮೇಲೆ ಮಡಿಕೆ

ಹೊಸ ಚಿತ್ರಕ್ಕೆ ಯುವಕ ಮೊದಲು ಮಾಡಿದ ಕೆಲಸ ಟ್ಯೂಬ್‌ಲೈಟ್ ಆರಿಸಿದ್ದು. ಕಿಟಕಿಯ ಬೆಳಕೂ ಟ್ಯೂಬ್‌ಲೈಟೂ ಕೂಡಿದರೆ ಕೆಂಪು ಒಂದು ಕಡೆ ಕೆಂಪಾಗಿ, ಇನ್ನೊಂದು ಕಡೆ ಮಾಸಿದಂತೆ ಕಾಣುತ್ತದೆ. ಬಣ್ಣ ಬೇರೆ ಎಂಬ ದೂರು ಹುಟ್ಟುವುದು ಇಲ್ಲಿಂದಲೇ. ಬಿಸಿಲು ನೇರ ಬೀಳದ ಕಿಟಕಿಯ ಪಕ್ಕ ಬಿಳಿ ಹಾಳೆ ಹಾಸಿ, ಅದರ ಮೇಲೆ ಚಾದರ ಇಟ್ಟ. ಎದುರು ಬದಿಗೆ ಥರ್ಮೋಕೋಲ್ ಹಲಗೆ ನಿಲ್ಲಿಸಿದ. ಬೆಳಕು ಒಂದೇ ಪಕ್ಕದಿಂದ ಬಂದಿದ್ದಕ್ಕೆ ನೇಯ್ಗೆಯ ಉಬ್ಬು ತಗ್ಗು ಎದ್ದು ಕಂಡವು, ಹಲಗೆಯಿಂದ ಮರಳಿದ ಬೆಳಕಿನಿಂದ ನೆರಳು ಕಪ್ಪಾಗಲಿಲ್ಲ.

ಜಕಾರ್ಡ್‌ನಲ್ಲಿ ನೇಯ್ದ ಸೊಲ್ಲಾಪುರಿ ಚಾದರಕ್ಕೆ ಒಂದು ವಿಶೇಷವಿದೆ. ಮೇಲ್ಮಗ್ಗಲಿನ ವಿನ್ಯಾಸವೇ ಕೆಳಮಗ್ಗಲಿನಲ್ಲಿ ಬಣ್ಣ ಅದಲುಬದಲಾಗಿ ಮೂಡುತ್ತದೆ. ಅದಕ್ಕೇ ಮಡಿಚುವಾಗ ಒಂದು ಮೂಲೆಯನ್ನು ಹೊರಳಿಸಿ ಇಟ್ಟರು. ಎರಡೂ ಮಗ್ಗಲು ಒಂದೇ ನೋಟಕ್ಕೆ ಸಿಕ್ಕವು.

ಬಿಟ್ಟ ಜಾಗಕ್ಕೂ ಲೆಕ್ಕ

ಚಿತ್ರವನ್ನು 2000 ಪಿಕ್ಸೆಲ್ ಚೌಕದಲ್ಲಿ ಸಿದ್ಧ ಮಾಡಲಾಯಿತು. ನಡುವಿನ 1000 ಪಿಕ್ಸೆಲ್ ಚಾದರಕ್ಕೆ, ಎಡಕ್ಕೆ 500, ಬಲಕ್ಕೆ 500 ಬರಿ ಬಿಳಿ. ಮೊದಲ ಚಿತ್ರದಲ್ಲಿ ಚೌಕಟ್ಟು ತುಂಬಿದ್ದ ಚಾದರ ಇಲ್ಲಿ ಅರ್ಧಕ್ಕೆ ಇಳಿಯಿತು.

‘ಇಷ್ಟ್ಯಾಕ ಜಾಗಾ ಹಾಳ ಮಾಡ್ತಿ ತಮ್ಮಾ?’ ಎಂದು ಯಜಮಾನರು ಕೇಳಿದ್ದುಂಟು.

ಉತ್ತರ ಮೊಬೈಲಿನಲ್ಲೇ ಇತ್ತು. ಸಾಮಾನ್ಯ ಮೊಬೈಲಿನ ಪರದೆ ಸುಮಾರು 65 ಮಿಲಿಮೀಟರ್ ಅಗಲ. 2000 ಪಿಕ್ಸೆಲ್ ಅಷ್ಟರಲ್ಲಿ ಕೂಡಬೇಕು. ಅಂದರೆ ಒಂದು ಮಿಲಿಮೀಟರಿಗೆ ಸುಮಾರು 31 ಪಿಕ್ಸೆಲ್. ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಕಾಣುವ 40 ಪಿಕ್ಸೆಲ್ ಎತ್ತರದ ಅಕ್ಷರ ಮೊಬೈಲಿನಲ್ಲಿ 1.3 ಮಿಲಿಮೀಟರಿಗೆ ಇಳಿದು ಇರುವೆ ಸಾಲಾಗುತ್ತದೆ. ಕನ್ನಡಕ ಇಲ್ಲದೆ ಓದಬೇಕಾದರೆ ಕನಿಷ್ಠ 80 ಪಿಕ್ಸೆಲ್ ಬೇಕು. ಆ ಅಳತೆಯಲ್ಲಿ ಪಕ್ಕದ ಬಿಳಿ ಜಾಗದ ಒಂದು ಸಾಲಿಗೆ ಐದಾರು ಅಕ್ಷರ ಹಿಡಿದರೆ ಹೆಚ್ಚು. ಹೀಗಾಗಿ ಲೇಬಲ್ ಎಂದರೆ ಎರಡು ಮೂರು ಪದ, ಎರಡು ಮೂರು ಸಾಲು. ಹನ್ನೊಂದು ಲೇಬಲ್ ಹಿಡಿಸುವ ಮಾತೇ ಇಲ್ಲ.

ಉಳಿದದ್ದು ನಾಲ್ಕು. ಪೂರ್ತಿ ಹತ್ತಿ, ಎರಡೂ ಮಗ್ಗಲು ವಿನ್ಯಾಸ, ಹೊಲಿದ ಅಂಚು, ತೂಕ. ‘ಉತ್ತಮ ಗುಣಮಟ್ಟ’, ‘ಬಹಳ ಮೆತ್ತಗೆ’ ಎಂಬುವನ್ನು ತೆಗೆದರು. ಚಿತ್ರದಲ್ಲಿ ಬೆರಳಿಟ್ಟು ತೋರಿಸಲು ಬಾರದ ಮಾತಿಗೆ ಗೆರೆ ಎಳೆಯುವುದಾದರೂ ಎಲ್ಲಿಗೆ? ಅಂಚು ಎಂಬ ಲೇಬಲಿನ ಗೆರೆ ಹೊಲಿಗೆಯ ಮೇಲೇ ಹೋಗಿ ನಿಂತಿತು. ವಿನ್ಯಾಸದ ಗೆರೆ ಹೊರಳಿಸಿದ ಮೂಲೆಗೆ ಮುಟ್ಟಿತು. ಒಂದು ಗೆರೆ ಇನ್ನೊಂದನ್ನು ದಾಟದ ಹಾಗೆ ನೋಡಿಕೊಂಡರು. ತೂಕಕ್ಕೆ ಮಾತ್ರ ಗೆರೆ ಇಲ್ಲ, ತಕ್ಕಡಿಯಲ್ಲಿಟ್ಟು ನೋಡಿದ ಅಂಕಿ ಅಷ್ಟೇ.

ಅಳತೆಗೆ ಬೇರೆ ದಾರಿ

ಮಡಿಚಿದ ಚಾದರಕ್ಕೆ ಅಳತೆಯ ಬಾಣ ಹಾಕುವುದನ್ನೇ ಕೈಬಿಟ್ಟರು. ಕೆಳಗಿನ ಮೂಲೆಯಲ್ಲಿ ಮಂಚದ ಸಣ್ಣ ಗೆರೆಚಿತ್ರ ಬಂತು. 36 ಇಂಚು ಅಗಲದ ಒಬ್ಬರ ಮಂಚದ ಮೇಲೆ 60 ಇಂಚಿನ ಚಾದರ ಹಾಸಿದರೆ ಎರಡೂ ಬದಿಗೆ 12 ಇಂಚು ಇಳಿಬೀಳುತ್ತದೆ. ಅದನ್ನು ಹಾಗೆಯೇ ಬರೆದು, ಕೆಳಗೆ ‘ಒಬ್ಬರ ಮಂಚಕ್ಕೆ’ ಎಂದು ಸೇರಿಸಿದರು. ಹೀಗೆ ಬರೆದರೆ ಇಬ್ಬರ ಮಂಚದವರು ಕೊಳ್ಳುವುದಿಲ್ಲ ಎಂಬ ಅಳುಕು ಯಜಮಾನರಿಗಿತ್ತು. ಕೊಂಡು ವಾಪಸ್ ಕಳಿಸಿದರೆ ಕೈಗೆ ಬರುವುದು ಬಿಚ್ಚಿದ ಮಾಲು, ಹೊಸದಾಗಿ ಮಾರಲು ಬಾರದು ಎಂದು ಮಗ ಹೇಳಿದ ಮೇಲೆ ಒಪ್ಪಿದರು.

ಕನ್ನಡಕ್ಕೊಂದು, ಮರಾಠಿಗೊಂದು

ಈ ಭಾಗದ ಮಾಲು ಪುಣೆಗೂ ಹೋಗುತ್ತದೆ, ವಿಜಯಪುರ ಕಲಬುರಗಿಗೂ ಹೋಗುತ್ತದೆ. ಅದಕ್ಕೇ ಲೇಬಲ್‌ಗಳನ್ನು ಚಿತ್ರದಲ್ಲಿ ಬೆರೆಸದೆ ಬೇರೆ ಪದರದಲ್ಲಿ ಇಟ್ಟರು. ಚಾದರ, ಗೆರೆ, ಬಿಳಿ ಜಾಗ ಹಾಗೇ ಇರುತ್ತವೆ, ಮಾತಷ್ಟೇ ಬದಲು. ಮರಾಠಿಯಲ್ಲಿ ‘ಸುತೀ’ ಎಂದು ಮುಗಿಯುವ ಕಡೆ ಕನ್ನಡದಲ್ಲಿ ‘ಪೂರ್ತಿ ಹತ್ತಿ’ ಕೂಡಬೇಕು. ಹೀಗಾಗಿ ಉದ್ದದ ಭಾಷೆಗೆ ತಕ್ಕಂತೆ ಮೊದಲೇ ಜಾಗ ಬಿಡಬೇಕು.

ಕನ್ನಡಕ್ಕೆ ಇನ್ನೂ ಎರಡು ಎಚ್ಚರಿಕೆ ಬೇಕು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬರುತ್ತವೆ, ಯೂನಿಕೋಡ್‌ನಲ್ಲೇ ಬರೆಯಬೇಕು. ಯೂನಿಕೋಡ್ ಇದ್ದರೂ ಕೆಲವು ವಿನ್ಯಾಸ ತಂತ್ರಾಂಶಗಳು ಒತ್ತಕ್ಷರ ಒಡೆಯುತ್ತವೆ, ‘ಹತ್ತಿ’ ಹೋಗಿ ‘ಹತ್‌ತಿ’ ಆಗುತ್ತದೆ. ಸಾಲಿನ ನಡುವೆ ಅಂತರ ಕಡಿಮೆಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ಬಡಿಯುತ್ತದೆ. ಕನ್ನಡ ಓದಬಲ್ಲ ಒಬ್ಬರು ಕೊನೆಗೊಮ್ಮೆ ನೋಡದೆ ಚಿತ್ರ ಹೊರಬೀಳಬಾರದು.

ಕೊನೆಯ ಪರೀಕ್ಷೆ ಮನೆಯಲ್ಲೇ ನಡೆಯಿತು. ಯಜಮಾನರ ತಾಯಿಗೆ ಮಾರು ದೂರದಿಂದ ಮೊಬೈಲ್ ತೋರಿಸಿ, ‘ಆಯಿ, ಇದು ಯಾವ ಮಂಚಕ್ಕ ಆಗ್ತೈತಿ?’ ಎಂದು ಕೇಳಿದರು. ಲೇಬಲ್ ಓದದೆ ಮೂಲೆಯ ಗೆರೆಚಿತ್ರ ನೋಡಿಯೇ ಅಜ್ಜಿ ಹೇಳಿದರು, ‘ನನ್ನ ಮಂಚಕ್ಕ ಆಗ್ತೈತಿ, ನಿಮ್ಮಿಬ್ಬರದಕ್ಕ ಸಾಲೂದಿಲ್ಲ.’

ಚಿತ್ರ ಅಂದೇ ಹೋಯಿತು.