ಹಾಲಿನ ಕ್ಯಾನ್ ಎತ್ತೋಕೆ ಮುಂಚೆ: ಹೆರಿಗೆ ಆದ್ಮೇಲೆ ಹೊಟ್ಟೆ, ತಳದ ಸ್ನಾಯುಗಳಿಗೆ ಬಲ ತುಂಬೋದು ಹೇಗೆ?

ಇವತ್ತಿನ ಎಪಿಸೋಡ್ ಬಾಣಂತಿಯರಿಗೆ, ಮತ್ತೆ ಅವರ ಮನೆಯವರಿಗೆ. ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋ ಗಂಡಸರೂ ಸ್ಕಿಪ್ ಮಾಡ್ಬೇಡಿ, ನಿಮಗೂ ಇಲ್ಲಿ ಕೆಲಸ ಇದೆ. ನಾನು ಬಿ.ಕಾಂ. ಓದಿರೋಳು, ಡಾಕ್ಟರ್ ಅಲ್ಲ. ಹಾಗಾಗಿ ಡಾಕ್ಟರ್‌ಗಳು, ಫಿಸಿಯೋಥೆರಪಿಸ್ಟ್‌ಗಳು ಸಾಮಾನ್ಯವಾಗಿ ಒಪ್ಪೋ ವಿಷಯಗಳನ್ನ ಮಾತ್ರ ಬಿಡಿಸಿ ಹೇಳ್ತೀನಿ.

'ಹೆರಿಗೆ ನಂತರದ ವ್ಯಾಯಾಮ' ಅಂತ ಫೋನಲ್ಲಿ ಹುಡುಕಿದ್ರೆ ಜಿಮ್ಮು, ಯೋಗಾ ಮ್ಯಾಟು, ಸಪಾಟಾದ ಹೊಟ್ಟೆ ಬರುತ್ತೆ. ನಮ್ಮ ಕಡೆ ಕಥೆ ಬೇರೆ. ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಬಾಣಂತನ ಮುಗಿಸಿ ಗಂಡನ ಮನೆಗೆ ಬಂದೋಳ ಕೈಗೆ ಮೊದಲು ಸಿಗೋ ತೂಕ ಡಂಬಲ್ ಅಲ್ಲ. ಡೈರಿಗೆ ಹೊರೋ ಹಾಲಿನ ಕ್ಯಾನು, ನೀರಿನ ಬಿಂದಿಗೆ, ಹುಲ್ಲಿನ ಹೊರೆ, ಟೊಮೆಟೊ ಸೀಸನ್ ಆದ್ರೆ 15 ಕೆ.ಜಿ. ಕ್ರೇಟು. ಮಾಲೂರಲ್ಲಿ ಫ್ಯಾಕ್ಟರಿ ಕೆಲಸಕ್ಕೆ ಹೋಗೋರಿಗೆ ಇಡೀ ಶಿಫ್ಟ್ ನಿಂತ್ಕೊಂಡಿರೋದೇ ಒಂದು ಭಾರ. ಆದ್ರಿಂದ ಇವತ್ತಿನ ಪ್ರಶ್ನೆ ಒಂದೇ: ಆ ತೂಕ ಎತ್ತೋ ದಿನ ಬರೋದ್ರೊಳಗೆ ಮೈಯನ್ನ ಹೇಗೆ ರೆಡಿ ಮಾಡ್ಕೊಳ್ಳೋದು?

ಒಳಗಿನ ಜೋಲಿ

ಮಗೂಗೆ ಸೀರೇಲಿ ಜೋಲಿ ಕಟ್ತೀವಲ್ಲ, ಅದೇ ಥರ ನಮ್ಮ ಸೊಂಟದ ಮೂಳೆಗಳ ತಳದಲ್ಲಿ ಒಂದು ಸ್ನಾಯುವಿನ ಜೋಲಿ ಇದೆ. ಮುಂದಿನ ಮೂಳೆಯಿಂದ ಹಿಂದಿನ ಬಾಲದ ಮೂಳೆವರೆಗೂ ಹರಡಿರುತ್ತೆ. ಮೂತ್ರದ ಚೀಲ, ಗರ್ಭಕೋಶ, ಮಲದ್ವಾರದ ಮೇಲಿನ ಭಾಗ ಎಲ್ಲಾ ಇದರ ಮೇಲೇ ಕೂತಿರೋದು. ಇದಕ್ಕೆ ಪೆಲ್ವಿಕ್ ಫ್ಲೋರ್ ಅಂತಾರೆ. ಒಂಬತ್ತು ತಿಂಗಳು ಭಾರ ಹೊತ್ತು, ಹೆರಿಗೇಲಿ ತುಂಬಾ ಹಿಗ್ಗಿ, ಎಷ್ಟೋ ಸಲ ಹರಿದು ಹೊಲಿಗೆನೂ ಬಿದ್ದಿರುತ್ತೆ. ಸಿಸೇರಿಯನ್ ಆದೋರು 'ನಮಗೆ ಇದು ಬೇಡ' ಅನ್ಕೋಬೇಡಿ. ಬಸುರಿನ ಭಾರ ಅವರ ಜೋಲಿನೂ ಹೊತ್ತಿದೆ.

ನಾವು ಉಸಿರು ಬಿಗಿಹಿಡಿದು ಏನಾದ್ರೂ ಎತ್ತಿದಾಗ ಹೊಟ್ಟೆಯೊಳಗಿನ ಒತ್ತಡ ಕೆಳಕ್ಕೆ ನುಗ್ಗುತ್ತೆ. ಜೋಲಿ ಗಟ್ಟಿ ಇದ್ರೆ ತಡೆಯುತ್ತೆ. ಸಡಿಲ ಇದ್ರೆ ಕೆಮ್ಮಿದಾಗ, ಸೀನಿದಾಗ, ಕ್ಯಾನ್ ಎತ್ತಿದಾಗ ಮೂತ್ರ ಸೋರುತ್ತೆ, ಇಲ್ಲಾ ಕೆಳಗೆ ಏನೋ ಜಾರಿದ ಹಾಗೆ ಭಾರ ಅನ್ಸುತ್ತೆ. 'ಹೆತ್ತೋರಿಗೆಲ್ಲಾ ಇದ್ದದ್ದೇ' ಅಂತ ದೊಡ್ಡೋರು ಹೇಳ್ತಾರೆ. ಬಹಳ ಜನಕ್ಕೆ ಆಗೋದು ನಿಜ. ಆದ್ರೆ ಸಹಿಸ್ಕೊಂಡೇ ಇರಬೇಕಾದ್ದಲ್ಲ. ಹೆಚ್ಚಿನವರಿಗೆ ಅಭ್ಯಾಸದಿಂದ ಕಮ್ಮಿ ಆಗುತ್ತೆ.

ಮೊದಲ ಆರು ವಾರ

ಮೂತ್ರದ ಪೈಪ್ ತೆಗೆದು, ಮೂತ್ರ ಸರಾಗವಾಗಿ ಹೋಗೋಕೆ ಶುರುವಾದ್ಮೇಲೆ, ನೋವಿಲ್ಲದಷ್ಟು ಅಭ್ಯಾಸ ಶುರು ಮಾಡ್ಬಹುದು. ಮಗ್ಗುಲಾಗಿ ಮಲಗಿ. ಗ್ಯಾಸ್ ಹೊರಗೆ ಹೋಗದ ಹಾಗೆ ಹಿಂದಿನ ದ್ವಾರ ಬಿಗಿ ಮಾಡಿ, ಹಾಗೇ ಮೂತ್ರ ತಡೆಯೋ ಥರ ಮುಂದಕ್ಕೂ ಬಿಗಿ ತನ್ನಿ. ಒಳಕ್ಕೆ, ಮೇಲಕ್ಕೆ ಎಳ್ಕೊಂಡ ಹಾಗೆ ಅನ್ಸಬೇಕು. ಮೂರು ಸೆಕೆಂಡ್ ಹಿಡಿದು ಪೂರ್ತಿ ಬಿಡಿ. ಬಿಡೋದೂ ಹಿಡಿಯೋದರಷ್ಟೇ ಮುಖ್ಯ. ಐದು ಸಲ ಸಾಕು, ದಿನಕ್ಕೆ ಮೂರು ಹೊತ್ತು. ಮಗು ಹಾಲು ಕುಡಿಯೋವಾಗ ಮಾಡಿದ್ರೆ ಮರೆಯಲ್ಲ.

ಸರಿಯಾಗಿ ಆಗ್ತಿದ್ಯಾ ಅಂತ ಹೇಗೆ ಗೊತ್ತಾಗುತ್ತೆ? ಉಸಿರು ನಿಂತಿರಬಾರದು, ಪೃಷ್ಠ, ತೊಡೆ ಬಿಗಿಯಾಗಿರಬಾರದು, ಕೆಳಕ್ಕೆ ಮುಕ್ಕಿದ ಹಾಗೆ ಅನ್ಸಬಾರದು. ಮೂತ್ರ ಮಾಡ್ತಾ ಮಾಡ್ತಾ ಮಧ್ಯದಲ್ಲಿ ನಿಲ್ಸೋದನ್ನ ಅಭ್ಯಾಸ ಮಾಡ್ಕೋಬೇಡಿ, ಚೀಲ ಪೂರ್ತಿ ಖಾಲಿ ಆಗೋಕೆ ತೊಂದರೆ ಆಗುತ್ತೆ. ಈ ವ್ಯಾಯಾಮಕ್ಕೆ ಕೆಗೆಲ್ ಅಂತ ಹೆಸರು ಬಂದಿದ್ದು ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ ಅವರಿಂದ, ಅವರು ಇದರ ಬಗ್ಗೆ ಬರೆದಿದ್ದು 1948ರಲ್ಲಿ.

ಹಿಡಿಯೋ ಹೊತ್ತನ್ನ ನಿಧಾನಕ್ಕೆ ಹೆಚ್ಚಿಸ್ತಾ ಹೋಗಿ. ಕೊನೆಗೆ ತಲುಪಬೇಕಾದ್ದು ಹತ್ತು ಸೆಕೆಂಡಿನ ಹತ್ತು ಹಿಡಿತ, ಮೇಲೆ ಹತ್ತು ಪಟಪಟ ಹಿಡಿದು ಬಿಡೋದು, ದಿನಕ್ಕೆ ಮೂರು ಸಲ. ಅಲ್ಲಿಗೆ ಮುಟ್ಟೋಕೆ ಮೂರು ತಿಂಗಳು ಹಿಡಿದ್ರೂ ತಪ್ಪಿಲ್ಲ.

ಇದರ ಜೊತೆಗೆ ಹೊಟ್ಟೆ. ಮೊಣಕಾಲು ಮಡಚಿ ಅಂಗಾತ ಮಲಗಿ, ಉಸಿರು ಎಳ್ಕೊಳ್ಳಿ, ಹೊಟ್ಟೆ, ಪಕ್ಕೆ ಅಗಲವಾಗಲಿ. ಉಸಿರು ಬಿಡ್ತಾ ಜೋಲಿನ ಬಿಗಿ ಮಾಡಿ, ಹೊಕ್ಕಳ ಕೆಳಗಿನ ಹೊಟ್ಟೆನ ಮೆತ್ತಗೆ ಒಳಕ್ಕೆ ತನ್ನಿ. ಇದು ಸುಲಭ ಆದ್ಮೇಲೆ, ಅದೇ ಉಸಿರಲ್ಲಿ ಒಂದೊಂದೇ ಹಿಮ್ಮಡಿನ ನೆಲದ ಮೇಲೆ ಜಾರಿಸಿ ಕಾಲು ಚಾಚಿ ವಾಪಸ್ ತನ್ನಿ. ನಡಿಗೆ ಐದು ನಿಮಿಷದಿಂದ ಶುರುವಾಗಲಿ. ಹೊರಗೆ ಬಿಡಲ್ಲ ಅಂದ್ರೆ ಪಡಸಾಲೆಯಲ್ಲೇ ಓಡಾಡಿ.

ಹೊಟ್ಟೆಗೆ ಬಟ್ಟೆ ಕಟ್ಟೋ ಪದ್ಧತಿ ಬಗ್ಗೆ ಒಂದು ಮಾತು. ಸೊಂಟಕ್ಕೆ ಆಸರೆ ಅನ್ಸಿದ್ರೆ ಕಟ್ಕೊಳ್ಳಿ. ಆದ್ರೆ ಅದು ಸ್ನಾಯುಗೆ ಬಲ ತುಂಬಲ್ಲ. ಉಸಿರು ಕಟ್ಟೋಷ್ಟು ಬಿಗಿದ್ರೆ ಒತ್ತಡ ಕೆಳಗಿನ ಜೋಲಿ ಮೇಲೇ ಬೀಳುತ್ತೆ. ಬಾಣಂತಿಗೆ ನೀರು, ಸೊಪ್ಪು, ತರಕಾರಿ ಕಮ್ಮಿ ಕೊಡೋದೂ ಅಷ್ಟೇ. ಮಲಬದ್ಧತೆ ಆಗಿ ಮುಕ್ಕಬೇಕಾಗುತ್ತೆ. ಹಾಗೆ ನೋಡಿದ್ರೆ, ಬಾಣಂತಿ ಮಾಡೋ ಮೊದಲ ಭಾರದ ಕೆಲಸ ಕ್ಯಾನ್ ಎತ್ತೋದಲ್ಲ, ಟಾಯ್ಲೆಟ್‌ನಲ್ಲಿ ಮುಕ್ಕೋದು.

ಕ್ಯಾನಿನ ಲೆಕ್ಕ

ಈಗ ಒಂದು ಉದಾಹರಣೆ ಇಟ್ಕೊಳ್ಳೋಣ. ಮುಳಬಾಗಿಲು ಕಡೆ ಒಬ್ಬ ಅಕ್ಕ, ಎರಡು ಹಸು ಕಟ್ಟಿದ್ದಾರೆ. ನಾರ್ಮಲ್ ಹೆರಿಗೆ, ಒಂದಷ್ಟು ಹೊಲಿಗೆ. ಮುಂಚೆ ಬೆಳಗ್ಗೆ, ಸಂಜೆ 10 ಲೀಟರ್ ಹಾಲು ಡೈರಿಗೆ ಹೊತ್ಕೊಂಡು ಹೋಗ್ತಿದ್ದೋರು. 10 ಲೀಟರ್ ಹಾಲು 10 ಕೆ.ಜಿ.ಗಿಂತ ಸ್ವಲ್ಪ ಜಾಸ್ತಿನೇ, ಕ್ಯಾನಿನ ತೂಕ ಬೇರೆ.

ಮೊದಲ ಆರು ವಾರ ಅವರು ಎತ್ತೋ ಅತಿ ಹೆಚ್ಚಿನ ತೂಕ ಮಗು. ಆರನೇ ವಾರ ಡಾಕ್ಟರ್ ಹೊಲಿಗೆ ನೋಡಿ ಸರಿ ಅಂದ್ರು. ಏಳನೇ ವಾರ ಕುರ್ಚಿಯಿಂದ ಕೈ ಊರದೆ ಎದ್ದು ಕೂರೋದು ಹತ್ತು ಸಲ, ಮಲಗಿ ಸೊಂಟ ಎತ್ತೋದು ಹತ್ತು ಸಲ, ದಿನಕ್ಕೆ ಅರ್ಧ ಗಂಟೆ ನಡಿಗೆ. ಎಂಟನೇ ವಾರ 5 ಲೀಟರ್, ಬೆಳಗ್ಗೆ ಮಾತ್ರ. ಎತ್ತೋ ಮುಂಚೆ ಕ್ಯಾನಿನ ಹತ್ತಿರ ನಿಂತು ಮೊಣಕಾಲು ಬಗ್ಗಿಸಿ, ಜೋಲಿ ಬಿಗಿ ಮಾಡಿ, ಉಸಿರು ಬಿಡ್ತಾ ಏಳೋದು. ಕೆಮ್ಮು, ಸೀನು ಬಂದಾಗಲೂ ಇದೇ ಕ್ರಮ: ಮೊದಲು ಬಿಗಿ, ಆಮೇಲೆ ಕೆಮ್ಮು.

ಒಂಬತ್ತನೇ ವಾರ ಮನೇಲಿ ಮದುವೆ ಓಡಾಟ, ಬೇರೆ ಯಾರೂ ಇಲ್ಲ. ಅಕ್ಕ ಒಂದೇ ದಿನಕ್ಕೆ 10 ಲೀಟರ್‌ಗೆ ಹೋದ್ರು, ಅದೂ ಎರಡು ಹೊತ್ತು, ಮೇಲೊಂದು ಹುಲ್ಲಿನ ಹೊರೆ. ಸಂಜೆಗೆ ಕೆಳಗೆಲ್ಲಾ ಭಾರ, ಸೀನಿದಾಗ ಎರಡು ಹನಿ. ಮಲಗಿದ್ಮೇಲೆ ಭಾರ ಇಳೀತು. ಇದರ ಅರ್ಥ ಏನು? ಕೆಲಸ ಜೋಲಿಯ ಬಲ ಮೀರಿ ಹೋಗಿದೆ ಅಂತ. ತೂಕ, ಹೊತ್ತು, ಹೊರೆ ಮೂರೂ ಒಟ್ಟಿಗೆ ಏರಿದ್ರಿಂದ ಯಾವುದು ಜಾಸ್ತಿ ಆಯ್ತು ಅಂತಾನೂ ಗೊತ್ತಾಗಲ್ಲ.

ಮಾಡ್ಬೇಕಾದ್ದು ಇಷ್ಟು. ತೊಂದರೆ ಇಲ್ಲದ ಕೊನೆಯ ಹಂತಕ್ಕೆ ವಾಪಸ್, ಅಂದ್ರೆ 5 ಲೀಟರ್, ಒಂದೇ ಹೊತ್ತು. ಅಭ್ಯಾಸ ನಿಲ್ಲಿಸಬಾರದು. ನಾಲ್ಕೈದು ದಿನ ಏನೂ ಇಲ್ಲ ಅಂದ್ರೆ 5 ಲೀಟರ್ ಎರಡು ಹೊತ್ತು. ಮುಂದಿನ ವಾರ 7 ಲೀಟರ್. ಸುಮಾರು ಹನ್ನೆರಡು, ಹದಿಮೂರನೇ ವಾರಕ್ಕೆ 10 ಲೀಟರ್. ಒಂದು ಸಲಕ್ಕೆ ಒಂದೇ ಬದಲಾವಣೆ, ಆಮೇಲೆ ಒಂದು ಹಗಲು ಒಂದು ರಾತ್ರಿ ಮೈ ಏನ್ ಹೇಳುತ್ತೆ ಅಂತ ನೋಡೋದು. ಉಳಿದ 5 ಲೀಟರ್ ಯಾರು ಹೊರಬೇಕು? ಗಂಡಸರೇ, ನಿಮಗೆ ಕೆಲಸ ಇದೆ ಅಂದಿದ್ದು ಇದಕ್ಕೇ.

ಸಿಸೇರಿಯನ್ ಆದೋರಿಗೆ ಇದೇ ಏಣಿ, ಮೆಟ್ಟಿಲು ಇನ್ನೂ ನಿಧಾನ. ಗಾಯ ಎಳೆದ ಹಾಗೆ ಆದ್ರೆ, ಕೆಂಪಾದ್ರೆ, ನೀರು ಬಂದ್ರೆ ನಿಲ್ಲಿಸಿ ತೋರಿಸಬೇಕು.

ಹೊಟ್ಟೆಗೂ ಒಂದು ಪರೀಕ್ಷೆ ಇದೆ. ಅಂಗಾತ ಮಲಗಿ ತಲೆ ಸ್ವಲ್ಪ ಎತ್ತಿ. ಹೊಕ್ಕಳ ಮೇಲೆ ಕೆಳಗೆ ಬೆರಳಿಟ್ಟು ನೋಡಿ. ನಡುವೆ ಎರಡು ಬೆರಳಿಗಿಂತ ಅಗಲದ ಸಂದು ಸಿಕ್ಕಿದ್ರೆ, ಇಲ್ಲಾ ಹೊಟ್ಟೆ ಮಧ್ಯ ಗುಡ್ಡದ ಥರ ಎದ್ದರೆ, ಸಿಟ್‌ಅಪ್ ಇನ್ನೂ ಬೇಡ. ಮೊದಲಿನ ಉಸಿರಿನ ಅಭ್ಯಾಸಾನೇ ಮುಂದುವರಿಸಿ. ಎರಡು ತಿಂಗಳಾದ್ಮೇಲೂ ಸಂದು ಹಾಗೇ ಇದ್ರೆ ತೋರಿಸಿ.

ಓಡೋರಿಗೆ

ಪೊಲೀಸ್ ಫಿಸಿಕಲ್‌ಗೆ ರೆಡಿ ಆಗ್ತಿರೋ ತಾಯಂದಿರೂ ಕೇಳ್ತಿರಬಹುದು. ಬ್ರಿಟನ್ನಿನ ಮೂವರು ಫಿಸಿಯೋಗಳು 2019ರಲ್ಲಿ ಕೊಟ್ಟ ಮಾರ್ಗಸೂಚಿ ಪ್ರಕಾರ, ಹೆರಿಗೆ ಆಗಿ 12 ವಾರಕ್ಕೆ ಮುಂಚೆ ಓಟ ಬೇಡ. ಆಮೇಲೂ ಕ್ಯಾಲೆಂಡರ್ ನೋಡಿ ಓಡೋದಲ್ಲ. ಅರ್ಧ ಗಂಟೆ ನಡಿಗೆ, ಒಂಟಿ ಕಾಲಲ್ಲಿ ಹತ್ತು ಸೆಕೆಂಡ್ ನಿಲ್ಲೋದು, ನಿಂತಲ್ಲೇ ಒಂದು ನಿಮಿಷ ಜಾಗಿಂಗ್, ಪ್ರತಿ ಕಾಲಲ್ಲೂ ಹತ್ತು ಕುಂಟು ಜಿಗಿತ. ಇಂಥವು ಸೋರಿಕೆ, ಭಾರ, ನೋವು ಇಲ್ಲದೆ ಆದ್ರೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆಯಿಂದ ಶುರು ಮಾಡಿ.

ಯಾವಾಗ ಆಸ್ಪತ್ರೆಗೆ?

ಕೆಳಗೆ ಗಂಟು ಕೈಗೆ ಸಿಕ್ಕಿದ್ರೆ, ಮಲ ಅಥವಾ ಗ್ಯಾಸ್ ತಡೆಯೋಕೆ ಆಗದಿದ್ರೆ, ಮೂರು ತಿಂಗಳು ಸರಿಯಾಗಿ ಅಭ್ಯಾಸ ಮಾಡಿದ್ರೂ ಮೂತ್ರ ಸೋರ್ತಿದ್ರೆ ಸ್ತ್ರೀರೋಗ ತಜ್ಞರಿಗೆ ತೋರಿಸಿ. ಶ್ರೀನಿವಾಸಪುರ, ಮಾಲೂರು, ಮುಳಬಾಗಿಲಿನವರು ತಾಲ್ಲೂಕು ಆಸ್ಪತ್ರೆಯಿಂದ ಶುರು ಮಾಡಿ. ಮುಂದಕ್ಕೆ ಬೇಕಾದ್ರೆ ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆ ಇದೆ, ಟಮಕದಲ್ಲಿ ಆರ್.ಎಲ್. ಜಾಲಪ್ಪ ಆಸ್ಪತ್ರೆ ಇದೆ. ಫಿಸಿಯೋಥೆರಪಿಗೆ ಬರೆದುಕೊಡಿ ಅಂತ ನೀವೇ ಬಾಯಿ ಬಿಟ್ಟು ಕೇಳಿ.

ಒಂದು ಗಂಟೆಗೊಂದು ಪ್ಯಾಡ್ ನೆನೆಯೋಷ್ಟು ರಕ್ತ, ಜ್ವರ, ಒಂದು ಮೀನಖಂಡ ಮಾತ್ರ ಊದಿ ನೋಯೋದು, ಎದೆನೋವು, ಉಸಿರಾಟಕ್ಕೆ ಕಷ್ಟ, ಜೋರು ತಲೆನೋವು ಬಂದು ಕಣ್ಣು ಮಂಜಾಗೋದು, ಇವು ವ್ಯಾಯಾಮದ ವಿಷಯವೇ ಅಲ್ಲ. ತಕ್ಷಣ 108.

ಕೊನೇದಾಗಿ, ಆಸ್ಪತ್ರೇಲಿ ಹೆರಿಗೆ ಆದೋರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬರಬೇಕು ಅಂತ ನಿಯಮ ಇದೆ. ಮಗು ತೂಕ ನೋಡಿ ಹೊರಡೋವಾಗ ತಡೆದು, ನಿಮ್ಮ ವಿಷಯಾನೂ ಹೇಳಿ: 'ಅಕ್ಕಾ, ಸೀನಿದ್ರೆ ಮೂತ್ರ ಬರುತ್ತೆ, ಯಾರಿಗೆ ತೋರಿಸ್ಲಿ?' 42ನೇ ದಿನ ಅಂದ್ರೆ ಸರಿಯಾಗಿ ಆರು ವಾರ, ಕ್ಯಾನಿಗೆ ಕೈ ಹಾಕೋಕೆ ಮುಂಚಿನ ದಿನಗಳು. ಕೇಳೋಕೆ ಅದೇ ಸರಿಯಾದ ಹೊತ್ತು.