ಬೆನ್ನಿಗೆ ಹಾಯುವ ಹೊಟ್ಟೆನೋವು

ಮೇದೋಜೀರಕ ಗ್ರಂಥಿ ಹೊಟ್ಟೆಯಲ್ಲಿದೆ ಎನ್ನುವುದಕ್ಕಿಂತ ಬೆನ್ನಿಗೆ ಆತುಕೊಂಡಿದೆ ಎಂದರೆ ಹೆಚ್ಚು ಸರಿ. ಜಠರದ ಹಿಂದೆ, ಬೆನ್ನುಮೂಳೆಯ ಮುಂದೆ ಅಡ್ಡಲಾಗಿ ಮಲಗಿರುವ ಸುಮಾರು 15 ಸೆಂಟಿಮೀಟರ್ ಉದ್ದದ ಮೆತ್ತನೆಯ ಅಂಗ ಅದು. ಅದರ ದಪ್ಪ ತಲೆ ಬಲಗಡೆ ಸಣ್ಣಕರುಳಿನ ಮೊದಲ ತಿರುವಿನಲ್ಲಿ ಕೂತಿರುತ್ತದೆ, ಸಪೂರ ಬಾಲ ಎಡಗಡೆ ಗುಲ್ಮದವರೆಗೂ ಚಾಚಿರುತ್ತದೆ. ಕರುಳುಗಳನ್ನು ಸುತ್ತುವರಿದಿರುವ ತೆಳು ಪೊರೆಯ ಹಿಂಬದಿಯಲ್ಲಿ ಅದರ ವಾಸ. ಅದಕ್ಕೆ ಕೇಡು ಬಂದಾಗ ನೋವು ಎಲ್ಲಿ ಹುಟ್ಟುತ್ತದೆ, ಎತ್ತ ಹರಿಯುತ್ತದೆ ಎಂಬುದನ್ನು ತೀರ್ಮಾನಿಸುವುದು ಈ ಜಾಗವೇ.

ಇನ್ಸುಲಿನ್ ತಯಾರಿಸುವ ಕೆಲಸದಿಂದ ಈ ಗ್ರಂಥಿಯ ಹೆಸರು ಎಲ್ಲರಿಗೂ ಗೊತ್ತು. ಆದರೆ ಅದರ ಬಹುಪಾಲು ಮೈ ದುಡಿಯುವುದು ಜೀರ್ಣರಸಕ್ಕಾಗಿ. ದಿನಕ್ಕೆ ಒಂದು ಲೀಟರಿಗೂ ಹೆಚ್ಚು ರಸ ಸಣ್ಣ ನಾಳವೊಂದರ ಮೂಲಕ ಕರುಳಿಗೆ ಹೋಗುತ್ತದೆ. ಬೇಳೆ, ಮೊಟ್ಟೆ, ಮಾಂಸದ ಪ್ರೋಟೀನನ್ನು ಒಡೆಯುವ ಟ್ರಿಪ್ಸಿನ್ ಮತ್ತು ಎಣ್ಣೆ, ತುಪ್ಪವನ್ನು ಕರಗಿಸುವ ಲೈಪೇಸ್ ಎರಡೂ ಅದರಲ್ಲಿರುತ್ತವೆ. ಮಾಂಸವನ್ನೇ ಕರಗಿಸುವ ರಸ ತಾನು ಹುಟ್ಟಿದ ಗ್ರಂಥಿಯನ್ನೇಕೆ ಕರಗಿಸುವುದಿಲ್ಲ? ಏಕೆಂದರೆ ಟ್ರಿಪ್ಸಿನ್ ಗ್ರಂಥಿಯಿಂದ ಹೊರಡುವಾಗ ನಿಷ್ಕ್ರಿಯ ರೂಪದಲ್ಲಿರುತ್ತದೆ. ಕರುಳಿನ ಗೋಡೆಯಲ್ಲಿರುವ ಇನ್ನೊಂದು ಕಿಣ್ವ ತಾಗಿದ ಮೇಲಷ್ಟೇ ಅದು ಚುರುಕಾಗುತ್ತದೆ. ಅಪ್ಪಿತಪ್ಪಿ ಒಂದಿಷ್ಟು ಒಳಗೇ ಚುರುಕಾದರೂ ಅದನ್ನು ಹಿಡಿದು ಸುಮ್ಮನಾಗಿಸುವ ರಕ್ಷಕ ವಸ್ತು ಗ್ರಂಥಿಯಲ್ಲಿಯೇ ಇದೆ.

ಈ ಕಾವಲು ಸೋತಾಗ ಬರುವುದೇ ತೀವ್ರ ಮೇದೋಜೀರಕ ಉರಿಯೂತ, ಆಸ್ಪತ್ರೆಯ ಮಾತಿನಲ್ಲಿ ಅಕ್ಯೂಟ್ ಪ್ಯಾಂಕ್ರಿಯಾಟೈಟಿಸ್. ಗ್ರಂಥಿ ತನ್ನನ್ನು ತಾನೇ ಜೀರ್ಣಿಸಿಕೊಳ್ಳುತ್ತದೆ ಎಂಬ ವಿಚಾರವನ್ನು ಪ್ರಾಗ್‌ನಲ್ಲಿದ್ದ ರೋಗಶಾಸ್ತ್ರಜ್ಞ ಹಾನ್ಸ್ ಕಿಯಾರಿ 1896ರಲ್ಲಿಯೇ ಮುಂದಿಟ್ಟಿದ್ದ. ಟ್ರಿಪ್ಸಿನ್ ಒಂದೇ ಎಲ್ಲ ಹಾನಿಗೂ ಹೊಣೆಯಲ್ಲ, ಅದರ ಹಿಂದೆ ಏಳುವ ಉರಿಯೂತದ ಪಾಲೂ ದೊಡ್ಡದು ಎಂದು ಈಗ ತಿಳಿದಿದೆ. ಹಾನಿ ಜೋರಾಗಿದ್ದರೆ ಲೈಪೇಸ್ ಸುತ್ತಲಿನ ಕೊಬ್ಬನ್ನು ಒಡೆಯುತ್ತದೆ, ಬಿಡುಗಡೆಯಾದ ಕೊಬ್ಬಿನಾಮ್ಲಗಳು ರಕ್ತದ ಕ್ಯಾಲ್ಸಿಯಂ ಜೊತೆ ಸೇರಿ ಹೊಟ್ಟೆಯೊಳಗೇ ಸಾಬೂನಾಗುತ್ತವೆ. ಇದು ಅಲಂಕಾರದ ಮಾತಲ್ಲ. ಶಸ್ತ್ರವೈದ್ಯರು ಸೀಮೆಸುಣ್ಣದಂಥ ಆ ಬಿಳಿ ಚುಕ್ಕೆಗಳನ್ನು ಕಣ್ಣಾರೆ ಕಂಡಿದ್ದಾರೆ.

ಊದಿದ ಗ್ರಂಥಿಯ ನರಗಳು ಎದೆಭಾಗದ ಬೆನ್ನುಹುರಿಗೆ ಸುದ್ದಿ ಒಯ್ಯುತ್ತವೆ. ಹೊಟ್ಟೆಯ ಮೇಲ್ಭಾಗದ ಸುದ್ದಿಯೂ ಅಲ್ಲಿಗೇ ತಲಪುವುದರಿಂದ, ಮಿದುಳಿಗೆ ನೋವು ಎದೆಗೂಡಿನ ಕೆಳಗಿನ ಗುಳಿಯಲ್ಲಿದೆ ಎನಿಸುತ್ತದೆ. ಅಷ್ಟರಲ್ಲಿ ಗ್ರಂಥಿಯಿಂದ ಸೋರಿದ ದ್ರವ ಪೊರೆಯ ಹಿಂದಿನ ಸಂದಿಯಲ್ಲಿ ಹರಡಿ ಅಲ್ಲಿನ ನರಜಾಲವನ್ನು ಕೆಣಕುತ್ತದೆ, ನೋವು ಪಟ್ಟಿ ಬಿಗಿದಂತೆ ನೇರ ಬೆನ್ನಿಗೆ ಹಾಯುತ್ತದೆ. ಅಂಗಾತ ಮಲಗಿದರೆ ಹೆಚ್ಚುತ್ತದೆ, ಎದ್ದು ಕೂತು ಮುಂದಕ್ಕೆ ಬಗ್ಗಿದರೆ ತುಸು ತಗ್ಗುತ್ತದೆ. ಎಲ್ಲರಿಗೂ ಬೆನ್ನಿಗೆ ಹಾಯಲೇಬೇಕೆಂದಿಲ್ಲ, ಸುಮಾರು ಅರ್ಧದಷ್ಟು ಮಂದಿಯಲ್ಲಿ ಹಾಯುತ್ತದೆ.

ನಲವತ್ತೈದರ ಒಬ್ಬ ಹೆಂಗಸನ್ನು ಕಲ್ಪಿಸಿಕೊಳ್ಳಿ. ಕೆಲವು ತಿಂಗಳಿಂದ ಜಿಡ್ಡಿನೂಟ ಮಾಡಿದ ರಾತ್ರಿ ಬಲಪಕ್ಕೆಯಲ್ಲಿ ನೋವು ಬಂದು, ಒಂದೆರಡು ಗಂಟೆಯಲ್ಲಿ ತಾನೇ ಹೋಗುತ್ತಿತ್ತು. ಗ್ಯಾಸ್ಟ್ರಿಕ್ ಎಂದುಕೊಂಡು ಮೆಡಿಕಲ್ ಶಾಪಿನ ಮಾತ್ರೆ ನುಂಗುತ್ತಿದ್ದರು. ಈ ಸಲದ ನೋವು ಅರ್ಧ ಗಂಟೆಯಲ್ಲಿ ಉಚ್ಚಕ್ಕೇರಿತು, ಇಳಿಯಲೇ ಇಲ್ಲ. ನಾಲ್ಕೈದು ಸಲ ವಾಂತಿಯಾದರೂ ಹಗುರವಾಗಲಿಲ್ಲ. ಹುಳಿತೇಗಿನ ನೋವಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ: ವಾಂತಿಯಾಗಲಿ, ಆಂಟಾಸಿಡ್ ಆಗಲಿ ಇದನ್ನು ತಗ್ಗಿಸುವುದಿಲ್ಲ, ಮತ್ತು ಇದು ಗಂಟೆಗಟ್ಟಲೆ ಒಂದೇ ಸಮ ಇರುತ್ತದೆ.

ಬೆಳಗ್ಗೆ ಆಸ್ಪತ್ರೆಯಲ್ಲಿ ಮೊದಲು ಇಸಿಜಿ ಮಾಡಿದರು. ಹೃದಯಾಘಾತವೂ ಇದೇ ಜಾಗದಲ್ಲಿ ನೋಯಬಹುದಾದ್ದರಿಂದ ಅದನ್ನು ಬಿಡುವಂತಿಲ್ಲ. ರಕ್ತದಲ್ಲಿ ಲೈಪೇಸ್ 1,800 ಇತ್ತು, ಆ ಲ್ಯಾಬಿನ ಮೇಲ್ಮಿತಿ 60. ತಕ್ಕ ನೋವು, ಮೇಲ್ಮಿತಿಯ ಮೂರು ಪಟ್ಟು ದಾಟಿದ ಲೈಪೇಸ್ ಅಥವಾ ಅಮೈಲೇಸ್, ಸ್ಕ್ಯಾನ್‌ನಲ್ಲಿ ಊತ, ಈ ಮೂರರಲ್ಲಿ ಎರಡಿದ್ದರೆ ರೋಗ ಖಚಿತ. ಹಾಗಾಗಿ ಆಕೆಗೆ ಮೊದಲ ದಿನವೇ ಸಿಟಿ ಸ್ಕ್ಯಾನ್ ಬೇಕಿರಲಿಲ್ಲ. ಮನೆಯವರು 1,800 ಎಂಬ ಅಂಕಿ ನೋಡಿ ಗಾಬರಿಯಾದರು. ಆದರೆ ಆ ಅಂಕಿ ರೋಗ ಇದೆಯೇ ಎಂದು ಹೇಳುತ್ತದೆ, ಎಷ್ಟು ಭೀಕರ ಎಂದು ಹೇಳುವುದಿಲ್ಲ. ಅದಕ್ಕೆ ನೋಡಬೇಕಾದದ್ದು ಉಸಿರು, ಮೂತ್ರದ ಪ್ರಮಾಣ, ರಕ್ತದೊತ್ತಡ. ಸುಮಾರು ಐವರಲ್ಲಿ ಒಬ್ಬರಿಗೆ ರೋಗ ಉಲ್ಬಣಿಸಿ ಶ್ವಾಸಕೋಶ, ಮೂತ್ರಪಿಂಡ ಸೋಲುವ ಹಂತಕ್ಕೆ ಹೋಗಬಹುದು ಅಥವಾ ಗ್ರಂಥಿಯ ಭಾಗ ಕೊಳೆಯಬಹುದು. ಉಳಿದವರು ಒಂದು ವಾರದೊಳಗೆ ಚೇತರಿಸಿಕೊಳ್ಳುತ್ತಾರೆ.

ಅಲ್ಟ್ರಾಸೌಂಡ್‌ನಲ್ಲಿ ಗ್ರಂಥಿ ಸರಿಯಾಗಿ ಕಾಣಲಿಲ್ಲ, ಕರುಳಿನ ಗಾಳಿ ಅಡ್ಡಬಂತು. ಕಂಡದ್ದು ಪಿತ್ತಕೋಶದಲ್ಲಿ ಮೂರು-ನಾಲ್ಕು ಮಿಲಿಮೀಟರಿನ ಕಲ್ಲುಗಳು. ಪಿತ್ತನಾಳ, ಮೇದೋಜೀರಕ ನಾಳ ಎರಡೂ ಬಹುತೇಕರಲ್ಲಿ ಒಂದೇ ಬಾಯಿಯಲ್ಲಿ ಕರುಳಿಗೆ ತೆರೆದುಕೊಳ್ಳುತ್ತವೆ. ಪಿತ್ತಕೋಶದಿಂದ ಜಾರಿದ ಕಲ್ಲು ಆ ಬಾಯಿಗೆ ಸಿಕ್ಕಿಕೊಂಡರೆ ಗ್ರಂಥಿಯ ರಸಕ್ಕೂ ದಾರಿ ಕಟ್ಟುತ್ತದೆ. ಹೀಗೆ ಸಿಕ್ಕಿಕೊಂಡ ಕಲ್ಲನ್ನು ಶವಪರೀಕ್ಷೆಯಲ್ಲಿ ಕಂಡು 1901ರಲ್ಲಿ ವಿವರಿಸಿದವನು ಅಮೆರಿಕದ ಯೂಜೀನ್ ಓಪಿ. ವಿಚಿತ್ರವೆಂದರೆ ಇಲ್ಲಿ ಅಪಾಯ ಹೆಚ್ಚಿರುವುದು ಚಿಕ್ಕ ಕಲ್ಲಿನಿಂದ. ದೊಡ್ಡದು ಪಿತ್ತಕೋಶ ಬಿಟ್ಟು ಹೊರಡಲಾರದು, ಕಾಳಿನಷ್ಟಿರುವುದು ಸಲೀಸಾಗಿ ಇಳಿಯುತ್ತದೆ. “ಸಣ್ಣ ಕಲ್ಲು, ಇರಲಿ ಬಿಡಿ” ಎಂಬ ಸಮಾಧಾನ ಆದ್ದರಿಂದ ನನಗೆ ಒಪ್ಪಿಗೆಯಿಲ್ಲ. ಬಹಳಷ್ಟು ಸಲ ಕಲ್ಲು ತಾನಾಗಿ ಕರುಳಿಗೆ ಬಿದ್ದುಹೋಗಿರುತ್ತದೆ, ಉಳಿಯುವುದು ಅದು ಹಚ್ಚಿಟ್ಟ ಬೆಂಕಿ.

ಕಲ್ಲಿಲ್ಲದವರಲ್ಲಿ ಮೊದಲು ಕೇಳಬೇಕಾದದ್ದು ಮದ್ಯದ ಬಗ್ಗೆ. ಒಂದು ರಾತ್ರಿಯ ಕುಡಿತಕ್ಕಿಂತ ವರ್ಷಗಟ್ಟಲೆಯ ವಿಪರೀತ ಕುಡಿತವೇ ಇದರ ಹಿಂದಿರುವುದು ಸಾಮಾನ್ಯ, ಜೊತೆಗೆ ಸಿಗರೇಟು ಸೇರಿದರೆ ಇನ್ನೂ ಕೆಟ್ಟದ್ದು. ಪಿತ್ತಗಲ್ಲು ಮತ್ತು ಮದ್ಯ ಇವೆರಡೇ ಬಹುಪಾಲು ಪ್ರಕರಣಗಳಿಗೆ ಕಾರಣ. ಮೂರನೆಯದು ರಕ್ತದ ಟ್ರೈಗ್ಲಿಸರೈಡ್ 1,000 ಮಿಲಿಗ್ರಾಂ ದಾಟುವುದು. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯವರಲ್ಲಿ ಇದು ಕಾಣುತ್ತದೆ. ರಕ್ತದ ತಿಳಿಭಾಗ ಹಾಲಿನಂತೆ ಬೆಳ್ಳಗಾಗಿರುತ್ತದೆ, ಅಮೈಲೇಸ್ ಸುಳ್ಳುಸುಳ್ಳೇ ಸರಿಯಾಗಿ ತೋರಬಹುದು. ಕೆಲವು ಔಷಧಿ, ಪೆಟ್ಟು, ಕ್ಯಾಲ್ಸಿಯಂ ಏರಿಕೆ ಇವುಗಳ ಪಾಲು ಕಡಿಮೆ. ಕಾಶ್ಮೀರದಲ್ಲಿ ದುಂಡುಹುಳು ನಾಳದೊಳಗೆ ಹೊಕ್ಕು ರೋಗ ತಂದ ಪ್ರಕರಣಗಳನ್ನೂ ವೈದ್ಯರು ದಾಖಲಿಸಿದ್ದಾರೆ.

ಉರಿಯೂತವನ್ನು ತಟ್ಟನೆ ಆರಿಸುವ ಮದ್ದು ಇಲ್ಲ. ಆಕೆಗೆ ಡ್ರಿಪ್ ಹಾಕಿ, ನೋವಿಗೆ ಜೋರು ಔಷಧಿ ಕೊಟ್ಟು ಕಾದರು. ಡ್ರಿಪ್ ಎಷ್ಟಾದರಷ್ಟು ಸುರಿಯಬೇಕು ಎಂದಿದ್ದ ನಂಬಿಕೆ 2022ರ ಒಂದು ದೊಡ್ಡ ಪರೀಕ್ಷೆಯ ನಂತರ ಸಡಿಲಗೊಂಡಿದೆ. ಹಿತಮಿತವಾಗಿ ಕೊಟ್ಟವರಿಗೆ ದ್ರವ ಹೆಚ್ಚಾಗುವ ತೊಂದರೆ ಕಡಿಮೆ ಇತ್ತು. ಸೋಂಕು ಇಲ್ಲದಿದ್ದರೆ ಆಂಟಿಬಯಾಟಿಕ್ ಬೇಡ. ವಾಂತಿ ನಿಂತು ಹಸಿವಾದ ಕೂಡಲೇ ಮೆತ್ತಗಿನ, ಜಿಡ್ಡು ಕಡಿಮೆಯ ಊಟ ಕೊಡಬಹುದು. ದಿನಗಟ್ಟಲೆ ಉಪವಾಸ ಕೆಡವುವುದು ಹಳೆಯ ಪದ್ಧತಿ.

ಐದನೆಯ ದಿನ ನೋವು ಹೋಯಿತು, ಮನೆಗೆ ಹೋಗುವ ಆತುರ ಬಂತು. “ಆಪರೇಷನ್ ಹಬ್ಬ ಕಳೆದ ಮೇಲೆ ನೋಡೋಣ” ಎಂದರು ಮನೆಯವರು. ಆದರೆ ಸೌಮ್ಯ ಉರಿಯೂತ ಆದವರಲ್ಲಿ ಅದೇ ದಾಖಲಾತಿಯಲ್ಲಿ ಪಿತ್ತಕೋಶ ತೆಗೆಯುವುದೇ ಒಳ್ಳೆಯದು. ನೆದರ್ಲೆಂಡ್ಸ್‌ನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಒಂದು ತಿಂಗಳು ಮುಂದೂಡಿದವರಲ್ಲಿ ಶೇ. 17ರಷ್ಟು ಮಂದಿ ಕಲ್ಲಿನ ತೊಂದರೆಯಿಂದ ಮತ್ತೆ ಆಸ್ಪತ್ರೆ ಸೇರಿದರು ಅಥವಾ ಸತ್ತರು. ಆಗಲೇ ತೆಗೆಸಿಕೊಂಡವರಲ್ಲಿ ಅದು ಶೇ. 5. ಕೊಳೆತ ಹೆಚ್ಚಿದ್ದವರಲ್ಲಿ ಮಾತ್ರ ಊತ ಇಳಿಯುವವರೆಗೆ ಕಾಯುತ್ತಾರೆ. ಪಿತ್ತಕೋಶ ಹೋದರೂ ಪಿತ್ತರಸ ಯಕೃತ್ತಿನಿಂದ ನೇರ ಕರುಳಿಗೆ ಇಳಿಯುತ್ತದೆ, ಊಟ ಎಂದಿನಂತೆ ಅರಗುತ್ತದೆ.